ಟೈಲರ್ ಅಂಗಡಿಯ ಹಳೆಯ ಬಿಲ್ ಪುಸ್ತಕದಲ್ಲಿ ‘ಬಾಕಿ’ ಎಂದರೆ ಏನು?

ಪ್ರಶ್ನೆ: ನಾನೊಂದು ಸಣ್ಣ ಕಥೆ ಬರೆಯುತ್ತಿದ್ದೇನೆ. ಉಡುಪಿಯ ಟೈಲರ್ ಒಬ್ಬರ ಮಗಳು ಅಪ್ಪನ ಕೈಬರಹದ ಬಿಲ್ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಾಳೆ, ಆಗ ಎಲ್ಲರೂ ಮರೆತುಬಿಟ್ಟ, ಹಣ ಬಾರದ ಬಿಲ್ಲುಗಳು ಸಿಗುತ್ತವೆ. ಅವು ನಿಜಕ್ಕೂ ಬಾಕಿ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ಇಷ್ಟು ವರ್ಷಗಳ ಮೇಲೆ ಆ ಹಣ ಕೇಳಲು ಬರುತ್ತದೆಯೇ? ಲೆಕ್ಕ ತಿಳಿದವರು ಓದಿ ನಗದಂತೆ ಬರೆಯಬೇಕೆಂಬ ಆಸೆ. ಕಥೆ ನಡೆಯುವುದು 2025ರ ಆಗಸ್ಟಿನಲ್ಲಿ.

ಉತ್ತರ: ನಿಮ್ಮ ನಾಯಕಿಗೆ ಮೊದಲ ದಿನ ಕಾಣುವ ಬಾಕಿಯ ಬಹುಪಾಲು ಬಾಕಿಯೇ ಆಗಿರುವುದಿಲ್ಲ. ಸಣ್ಣ ಅಂಗಡಿಗಳ ಲೆಕ್ಕ ನೋಡಿಕೊಂಡು ಬಂದವನಾಗಿ ನಾನು ಮೊದಲು ಹೇಳಬೇಕಾದದ್ದು ಇದನ್ನೇ, ಏಕೆಂದರೆ ಈ ಬಗೆಯ ಕಥೆಗಳಲ್ಲಿ ಮಗಳು ಪುಸ್ತಕ ತೆರೆದ ಕೂಡಲೇ ಲಕ್ಷಗಟ್ಟಲೆ ಬಾಕಿ ಹೊರಬೀಳುತ್ತದೆ ಮತ್ತು ಲೆಕ್ಕ ಬಲ್ಲ ಓದುಗನಿಗೆ ಅಲ್ಲಿಯೇ ಕಥೆಯ ಮೇಲಿನ ನಂಬಿಕೆ ಸಡಿಲವಾಗುತ್ತದೆ. ಬಿಲ್ ಪುಸ್ತಕದಲ್ಲಿ ಹಣ ಬಂದದ್ದಕ್ಕೆ ಗುರುತು ಇರಬಹುದು. ಬಾರದ್ದಕ್ಕೆ ಗುರುತು ಇರುವುದು ಅಪರೂಪ, ಅಲ್ಲಿ ಇರುವುದು ಖಾಲಿ ಜಾಗ ಮಾತ್ರ. ಆ ಖಾಲಿ ಜಾಗವನ್ನು ಓದುವುದು ಹೇಗೆ ಎಂಬುದೇ ನಿಮ್ಮ ಪ್ರಶ್ನೆಯ ತಿರುಳು.

ಪುಸ್ತಕ ಹೇಗಿರುತ್ತದೆ ಎಂಬುದನ್ನು ಮೊದಲು ನೋಡೋಣ. ಅಚ್ಚಾದ ಕ್ರಮಸಂಖ್ಯೆಯ ನೂರು ಬಿಲ್ಲುಗಳು, ನಡುವೆ ಕಾರ್ಬನ್ ಹಾಳೆ. ಬಟ್ಟೆ ಕೊಟ್ಟ ದಿನ ಟೈಲರ್ ಹೆಸರು, ಹೊಲಿಗೆಯ ವಿವರ, ಒಟ್ಟು ಮಜೂರಿ, ಅಡ್ವಾನ್ಸ್, ಡೆಲಿವರಿ ತಾರೀಕು ಬರೆದು ಮೇಲಿನ ಚೀಟಿಯನ್ನು ಹರಿದು ಗಿರಾಕಿಗೆ ಕೊಡುತ್ತಾರೆ. ಕಾರ್ಬನ್ ಪ್ರತಿ ಪುಸ್ತಕದಲ್ಲಿಯೇ ಉಳಿಯುತ್ತದೆ, ಅದರ ಮೂಲೆಗೆ ಬಟ್ಟೆಯ ಒಂದು ತುಣುಕನ್ನು ಪಿನ್ ಮಾಡಿರುವುದೂ ಉಂಟು. ಹೊಲಿದದ್ದನ್ನು ಒಯ್ಯಲು ಬಂದ ಗಿರಾಕಿ ಚೀಟಿಯನ್ನು ಹಿಂದಕ್ಕೆ ಕೊಡುತ್ತಾನೆ, ಉಳಿದ ಹಣ ಕೊಡುತ್ತಾನೆ, ಟೈಲರ್ ಚೀಟಿಯನ್ನು ಗೋಡೆಯ ತಂತಿಗೆ ಚುಚ್ಚುತ್ತಾರೆ. ಪುಸ್ತಕದಲ್ಲಿ ಆ ಬಿಲ್ಲಿಗೆ ಅಡ್ಡಗೆರೆ ಎಳೆಯಬೇಕು. ಅಂಗಡಿಯಲ್ಲಿ ನಾಲ್ಕು ಜನ ನಿಂತಿದ್ದರೆ ಆ ಗೆರೆ ಉಳಿದುಹೋಗುತ್ತದೆ, ಅದರಲ್ಲೂ ಶಾಲೆ ಆರಂಭವಾಗುವ ಮೊದಲಿನ ಯೂನಿಫಾರ್ಮ್ ಹೊಲಿಗೆಯ ದಿನಗಳಲ್ಲಿ ಅದು ಉಳಿಯದಿದ್ದರೇ ಆಶ್ಚರ್ಯ.

ಈಗ ಒಂದು ಲೆಕ್ಕವನ್ನು ನಿಮ್ಮ ಕಥೆಗಾಗಿಯೇ ಕಟ್ಟಿ ತೋರಿಸುತ್ತೇನೆ. ಅಂಕಿಗಳು ಕಲ್ಪಿತ, ಆದರೆ ಒಂದು ಅಂಗಡಿಯಲ್ಲಿ ಹೊಂದುವಂಥವು. 2016ರಿಂದ 2023ರವರೆಗಿನ ನಲವತ್ತು ಪುಸ್ತಕಗಳು ಉಳಿದಿವೆ ಎಂದಿರಲಿ, ಅಂದರೆ 4,000 ಬಿಲ್ಲುಗಳು. ಒಂದು ಬಿಲ್ಲಿಗೆ ಎರಡು ನಿಮಿಷ ಹಿಡಿದರೆ ನೂರ ಮೂವತ್ತಮೂರು ಗಂಟೆ. ಕೆಲಸ ಮುಗಿಸಿ ಬಂದು ದಿನಕ್ಕೆ ಎರಡು ಗಂಟೆ ಕುಳಿತರೆ ಎರಡು ತಿಂಗಳಿಗೂ ಮಿಕ್ಕಿ ಬೇಕು. ಜೂನಿನಲ್ಲಿ ಆರಂಭಿಸಿದವಳು ಆಗಸ್ಟಿಗೆ ಮುಗಿಸುತ್ತಾಳೆ, ನಿಮ್ಮ ಕಥೆಯ ಕಾಲಕ್ಕೆ ಇದು ಸರಿಹೊಂದುತ್ತದೆ. ಒಂದೇ ರಾತ್ರಿಯಲ್ಲಿ ಅವಳಿಂದ ಈ ಕೆಲಸ ಮಾಡಿಸಬೇಡಿ.

ಅವಳು ಸ್ಪ್ರೆಡ್‌ಶೀಟಿನಲ್ಲಿ ಬಿಲ್ ಸಂಖ್ಯೆ, ತಾರೀಕು, ಹೆಸರು, ಒಟ್ಟು, ಅಡ್ವಾನ್ಸ್, ನಂತರ ಕೊಟ್ಟದ್ದು, ಪುಸ್ತಕದಲ್ಲಿರುವ ಗುರುತು ಎಂಬ ಏಳು ಕಾಲಂಗಳನ್ನು ಮಾಡಿ, ಬಾಕಿಗೆ ಈ ಸೂತ್ರ ಹಾಕಿರುತ್ತಾಳೆ:

```
=D2-E2-F2
```

ತಪ್ಪು ಹುಟ್ಟುವುದು ಇಲ್ಲಿಯೇ. ‘ನಂತರ ಕೊಟ್ಟದ್ದು’ ಎಂಬ ಕಾಲಂ ಖಾಲಿಯಿದ್ದರೆ ಯಂತ್ರ ಅದನ್ನು ಸೊನ್ನೆ ಎಂದು ಎಣಿಸುತ್ತದೆ. ಅಪ್ಪ ಬರೆಯದೆ ಬಿಟ್ಟದ್ದು, ಗಿರಾಕಿ ಕೊಡದೆ ಬಿಟ್ಟದ್ದಾಗಿ ಮಾರ್ಪಡುತ್ತದೆ. ಪುಸ್ತಕದಲ್ಲಿ ಗುರುತೇ ಇಲ್ಲದ ಬಿಲ್ಲನ್ನು ‘ಗೊತ್ತಿಲ್ಲ’ ಎಂದು ಬೇರ್ಪಡಿಸುವ ಈ ಸೂತ್ರ ಹಾಕಿದರೆ ಮಾತ್ರ ಅವಳಿಗೆ ತನಗೆ ತಿಳಿಯದ್ದು ಎಷ್ಟು ಎಂಬುದು ತಿಳಿಯುತ್ತದೆ:

```
=IF(G2="","ಗೊತ್ತಿಲ್ಲ",D2-E2-F2)
```

ಇದರ ಜೊತೆಗೆ ಇನ್ನೆರಡು ಸಣ್ಣ ಎಡವಟ್ಟುಗಳಿವೆ, ಬೇಕಾದರೆ ಬಳಸಿಕೊಳ್ಳಿ. ಅಪ್ಪ ಬರೆದಂತೆಯೇ `350/-` ಎಂದು ಟೈಪಿಸಿದರೆ ಅದು ಯಂತ್ರಕ್ಕೆ ಅಂಕಿಯಲ್ಲ, ಅಕ್ಷರ. `SUM` ಹಾಕಿ ಆ ಕಾಲಂ ಕೂಡಿಸುವಾಗ ಸದ್ದಿಲ್ಲದೆ ಬಿಟ್ಟುಹೋಗುತ್ತದೆ, ಬಾಕಿಯ ಸೂತ್ರದಲ್ಲಾದರೆ `#VALUE!` ಎಂಬ ದೋಷ ತೋರಿಸುತ್ತದೆ. ಇನ್ನು ಅಪ್ಪ ಕನ್ನಡ ಅಂಕಿಗಳಲ್ಲಿ ಬರೆಯುವವರಾದರೆ, ಮಳೆಗಾಲದ ತೇವಕ್ಕೆ ಮಸುಕಾದ ಕಾರ್ಬನ್ನಿನಲ್ಲಿ ೬ ಮತ್ತು ೯ ಒಂದರಂತೆ ಇನ್ನೊಂದು ಕಾಣುತ್ತವೆ. ೬೫೦ ಯಾವುದು ೯೫೦ ಯಾವುದು ಎಂಬುದನ್ನು ಒಟ್ಟು, ಅಡ್ವಾನ್ಸ್, ಬಾಕಿ ಈ ಮೂರನ್ನೂ ಹೊಂದಿಸಿ ನೋಡಿದರಷ್ಟೇ ಹೇಳಬಹುದು.

ಮೊದಲ ಸೂತ್ರದ ಪ್ರಕಾರ ಅವಳ ಪರದೆಯ ಮೇಲೆ 212 ಬಿಲ್ಲುಗಳ 1,18,400 ರೂಪಾಯಿ ಬಾಕಿ ಕಂಡಿತು ಎಂದಿರಲಿ. ಅವಳು ಅದನ್ನು ಅಪ್ಪನಿಗೆ ತೋರಿಸುತ್ತಾಳೆ. ಅಪ್ಪ ಕನ್ನಡಕ ಏರಿಸಿ ನೋಡಿ, “ಇದು ಅಷ್ಟೆಲ್ಲ ಇರಲಿಕ್ಕಿಲ್ಲ ಮಗಾ, ತಂತಿ ನೋಡಿದ್ಯಾ?” ಎಂದು ಕೇಳಬೇಕು. ಹಳಬರು ಕೇಳುವುದು ಹಾಗೆಯೇ. ತಂತಿಯಲ್ಲಿ ಗಿರಾಕಿಯ ಚೀಟಿ ಇದೆ ಎಂದರೆ ಬಟ್ಟೆ ಅಂಗಡಿ ದಾಟಿದೆ ಎಂದರ್ಥ. ಉದ್ರಿ ಹೋದದ್ದನ್ನು ಅಪ್ಪ ಬೇರೆ ಪುಸ್ತಕದಲ್ಲಿಯೋ ಚೀಟಿಯ ಬೆನ್ನಿಗೋ ಬರೆಯುವ ರೂಢಿಯಿದ್ದು, ಈ ಚೀಟಿಯ ಮೇಲೆ ಅಂಥ ಬರಹ ಇಲ್ಲದಿದ್ದರೆ ಹಣ ಬಂದಿದೆ ಎಂದೇ ತಿಳಿಯಬೇಕು. ಅವಳು ಅಟ್ಟದ ಮೇಲಿನ ತಂತಿಗಳನ್ನು ಇಳಿಸಿ ಒಂದೊಂದೇ ಚೀಟಿಯನ್ನು ಸಂಖ್ಯೆಯ ಮೇಲೆ ಹೊಂದಿಸಿದಾಗ 131 ಬಿಲ್ಲುಗಳು, 63,150 ರೂಪಾಯಿ, ಪಟ್ಟಿಯಿಂದ ಹೊರಹೋಗುತ್ತವೆ, ಇದು ಮೊದಲ ಗುಂಪು. ಅವುಗಳಲ್ಲಿ ಹೆಚ್ಚಿನವು ಒಂದೆರಡು ಪುಸ್ತಕಗಳಲ್ಲಿಯೇ ಸಾಲಾಗಿ ಬಂದಿರುವುದನ್ನು ಅವಳು ಗಮನಿಸಬೇಕು. ನಿಜವಾದ ಬಾಕಿ ಅಲ್ಲೊಂದು ಇಲ್ಲೊಂದು ಚದುರಿರುತ್ತದೆ. ಒಂದೇ ಪುಸ್ತಕದ ಐವತ್ತು ಬಿಲ್ಲುಗಳು ಒಟ್ಟಿಗೆ ಬಾಕಿ ಎಂದು ತೋರಿದರೆ ಆ ದಿನಗಳಲ್ಲಿ ಅಂಗಡಿಯಲ್ಲಿ ಗೆರೆ ಎಳೆಯದ ಬೇರೊಬ್ಬರು ಕುಳಿತಿದ್ದರು ಎಂದಷ್ಟೇ ಅದರ ಅರ್ಥ.

ಎರಡನೆಯ ಗುಂಪನ್ನು ಹುಡುಕುವುದು ಇದಕ್ಕಿಂತ ಕಷ್ಟ, ಮತ್ತು ಕಥೆಗಾರನಿಗೆ ಹೆಚ್ಚು ಉಪಯೋಗದ್ದು. ನಮ್ಮ ಕಡೆಯ ಟೈಲರ್ ಗಿರಾಕಿಯ ಹೆಸರನ್ನು ಮತದಾರರ ಪಟ್ಟಿಯಲ್ಲಿರುವಂತೆ ಬರೆಯುವುದಿಲ್ಲ. ‘ಅಂಬಲಪಾಡಿ ಟೀಚರ್’, ‘ಮಲ್ಪೆ ಬೋಟ್ ಅಣ್ಣ’, ‘ಬೊಂಬಾಯಿ ರಾಯರು’ ಎಂದು ಬರೆಯುತ್ತಾರೆ. ಅದೇ ಬೋಟ್ ಅಣ್ಣ ಮುಂದಿನ ಪುಸ್ತಕದಲ್ಲಿ ತನ್ನ ಸ್ವಂತ ಹೆಸರಿನಿಂದಲೂ ಮತ್ತೊಂದರಲ್ಲಿ ತಮ್ಮನ ಹೆಸರಿನಿಂದಲೂ ಬಂದಿರುತ್ತಾನೆ. 2018ರ ಜೂನ್ 20ರ ಬಿಲ್ಲಿನಲ್ಲಿ ಮಲ್ಪೆ ಬೋಟ್ ಅಣ್ಣನಿಗೆ 650 ರೂಪಾಯಿ ಬಾಕಿ ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಜೂನ್ ಮತ್ತು ಜುಲೈ ತಿಂಗಳಲ್ಲಿ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆಯ ನಿಷೇಧ ಇರುವುದರಿಂದ ಆಗ ಅವನ ಕೈಯಲ್ಲಿ ಹಣ ಓಡಾಡುವುದಿಲ್ಲ. ಟೈಲರ್‌ಗೂ ಅದು ಗೊತ್ತು. ಆಗಸ್ಟ್ ಕೊನೆಯಲ್ಲಿ ಬೇರೆ ಹೆಸರಿನ ಒಂದು ಬಿಲ್ಲು 1,550 ರೂಪಾಯಿಗೆ ಇದೆ, ಗೆರೆ ಎಳೆದಿದೆ, ಮೂಲೆಯಲ್ಲಿ ‘ಹಿ.ಬಾ.’ ಎಂಬ ಎರಡಕ್ಷರ. ಹಿಂದಿನ ಬಾಕಿ ಎಂದರ್ಥ. ಹೊಸ ಹೊಲಿಗೆ 900, ಹಳೆಯದು 650, ಎರಡೂ ಸೇರಿ ತೀರಿದೆ. ಇದನ್ನು ಗಮನಿಸದ ಮಗಳ ಪಟ್ಟಿಯಲ್ಲಿ ಜೂನಿನ 650 ಇಂದಿಗೂ ಬಾಕಿ, ಸಾಲದ್ದಕ್ಕೆ ಆಗಸ್ಟಿನಲ್ಲಿ ಆಗದೇ ಇದ್ದ 650 ರೂಪಾಯಿಯ ಹೊಲಿಗೆಯೂ ಸೇರಿಕೊಂಡಿದೆ. ಹೀಗೆ ಮುಂದಿನ ಬಿಲ್ಲಿನೊಳಗೆ ಸೇರಿ ತೀರಿದವು 38, ಮೊತ್ತ 19,800 ರೂಪಾಯಿ.

ಈ 38ನ್ನು ಅವಳೊಬ್ಬಳೇ ಕಂಡುಹಿಡಿಯಲಾರಳು. ಯಾರು ಯಾರ ತಮ್ಮ, ಯಾವ ಟೀಚರ್ ಮದುವೆಯಾಗಿ ಬ್ರಹ್ಮಾವರಕ್ಕೆ ಹೋದರು ಎಂಬುದು ಪುಸ್ತಕದಲ್ಲಿ ಇರುವುದಿಲ್ಲ, ಅಪ್ಪನ ತಲೆಯಲ್ಲಿರುತ್ತದೆ. ಅಳತೆ ಪುಸ್ತಕ ಸ್ವಲ್ಪ ಸಹಾಯ ಮಾಡುತ್ತದೆ. ಎರಡು ಹೆಸರುಗಳ ಎದುರಿನಲ್ಲಿ ಭುಜ, ಎದೆ, ತೋಳಿನ ಉದ್ದ ಒಂದೇ ಆಗಿದ್ದರೆ ಆಸಾಮಿಯೂ ಒಬ್ಬನೇ ಇರಬಹುದು ಎಂದು ಅನುಮಾನಿಸಬಹುದು. ಹೆಸರಿಗಿಂತ ಮೈ ಅಳತೆಯಿಂದ ಗಿರಾಕಿಯನ್ನು ಗುರುತಿಸುವ ಈ ಸನ್ನಿವೇಶವನ್ನು ನೀವು ಕೈಬಿಡಬಾರದು ಎಂದು ನನ್ನ ಅಭಿಪ್ರಾಯ, ಟೈಲರ್ ಅಂಗಡಿಯಲ್ಲದೆ ಬೇರೆಲ್ಲಿಯೂ ಅದು ನಡೆಯುವಂಥದಲ್ಲ.

ಮೂರನೆಯ ಗುಂಪಿನಲ್ಲಿ 29 ಬಿಲ್ಲುಗಳು, 11,250 ರೂಪಾಯಿ. ಇವುಗಳ ಚೀಟಿ ತಂತಿಯಲ್ಲಿಲ್ಲ, ಮುಂದಿನ ಬಿಲ್ಲುಗಳಲ್ಲಿಯೂ ಸೇರಿಲ್ಲ, ಏಕೆಂದರೆ ಹೊಲಿದ ಬಟ್ಟೆಯನ್ನು ಯಾರೂ ಒಯ್ಯಲೇ ಇಲ್ಲ. ಸಂಖ್ಯೆಯ ಚೀಟಿ ಹೊಲಿದ ಗಂಟುಗಳು ಕಪಾಟಿನ ಮೇಲ್ಗಡೆ ಇನ್ನೂ ಇವೆ. ಇಲ್ಲಿ ಲೆಕ್ಕ ತಿರುಗಿ ನಿಲ್ಲುತ್ತದೆ. ಬಾಕಿ ಬರಬೇಕು ಎಂಬುದು ನಿಜವಾದರೂ ಗಿರಾಕಿಯ ಬಟ್ಟೆ ಮತ್ತು ಅಡ್ವಾನ್ಸ್ ಎರಡೂ ಅಪ್ಪನ ಬಳಿ ಇವೆ, ಆ ಬಟ್ಟೆಯ ಬೆಲೆ ಬಾಕಿಯ ಮಜೂರಿಗಿಂತ ಹೆಚ್ಚಿರಲೂಬಹುದು. 1872ರ ಭಾರತೀಯ ಕರಾರು ಕಾಯ್ದೆಯ 170ನೆಯ ಕಲಮು ಇಂಥ ಕುಶಲಕರ್ಮಿಗೆ ಮಜೂರಿ ಸಿಗುವವರೆಗೆ ವಸ್ತುವನ್ನು ತಡೆದಿಟ್ಟುಕೊಳ್ಳುವ ಹಕ್ಕನ್ನು ಕೊಡುತ್ತದೆ. ಆದರೆ ತಡೆದಿಟ್ಟುಕೊಳ್ಳಬಹುದು ಎಂದಷ್ಟೇ ಅದು ಹೇಳುತ್ತದೆ, ಮಾರಬಹುದು ಎನ್ನುವುದಿಲ್ಲ. ಆದ್ದರಿಂದ ಆ ಇಪ್ಪತ್ತೊಂಬತ್ತು ಗಂಟುಗಳನ್ನು ನಿಮ್ಮ ನಾಯಕಿ ಆನ್‌ಲೈನಿನಲ್ಲಿ ಮಾರಿ ಬಾಕಿ ತುಂಬಿಕೊಂಡಳು ಎಂದು ಬರೆಯಬೇಡಿ.

ಆ ಕಲಮಿನ ಕೆಳಗೆ ಕಾಯ್ದೆಯೇ ಕೊಟ್ಟಿರುವ ಉದಾಹರಣೆಗಳಲ್ಲಿ ಒಂದು ಟೈಲರ್‌ನದ್ದು ಎಂಬುದು ನಿಮಗೆ ಖುಷಿ ಕೊಡಬಹುದು. ಒಬ್ಬಾತ ಕೋಟು ಹೊಲಿಯಲು ಬಟ್ಟೆ ಕೊಡುತ್ತಾನೆ. ಹೊಲಿದ ಕೂಡಲೇ ಕೋಟನ್ನು ಕೊಡುವುದಾಗಿಯೂ ಹಣಕ್ಕೆ ಮೂರು ತಿಂಗಳ ಉದ್ರಿ ಇರುವುದಾಗಿಯೂ ಟೈಲರ್ ಮಾತು ಕೊಡುತ್ತಾನೆ. ಅಂಥ ಟೈಲರ್‌ಗೆ ಕೋಟನ್ನು ತಡೆದಿಟ್ಟುಕೊಳ್ಳುವ ಹಕ್ಕಿಲ್ಲ. ಉದ್ರಿ ಕೊಟ್ಟವನ ಕೈಯಲ್ಲಿ ವಸ್ತು ಉಳಿಯುವುದಿಲ್ಲ, ಲೆಕ್ಕ ಮಾತ್ರ ಉಳಿಯುತ್ತದೆ. ನಾಲ್ಕನೆಯ ಗುಂಪು ಅಂಥದ್ದು.

ಅಲ್ಲಿ ಉಳಿದಿರುವುದು 14 ಬಿಲ್ಲು, 24,200 ರೂಪಾಯಿ. ಬಟ್ಟೆ ಹೋಗಿದೆ, ಹಣ ಬಂದಿಲ್ಲ, ಅಪ್ಪನೂ ಹೌದು ಎನ್ನುತ್ತಾರೆ. ಪರದೆಯ ಮೇಲೆ ಮೊದಲು ಕಂಡದ್ದರ ಐದನೆಯ ಒಂದು ಭಾಗ ಇದು. ಹದಿಮೂರು ಸಣ್ಣ ಬಿಲ್ಲುಗಳು ಸೇರಿ 10,000 ರೂಪಾಯಿ. ಹದಿನಾಲ್ಕನೆಯದು ಒಂದು ಹೋಟೆಲಿನದ್ದು. 2022ರ ಜನವರಿಯಲ್ಲಿ ಕೃಷ್ಣಮಠದ ಪರ್ಯಾಯ ಉತ್ಸವಕ್ಕೆ ಊರು ತುಂಬುವ ಮೊದಲು ಕೆಲಸದವರಿಗೆ ಹೊಸ ಯೂನಿಫಾರ್ಮ್ ಬೇಕೆಂದು ಮಾಡಿಸಿದ್ದು. 320ರಂತೆ 30 ಶರ್ಟು, 420ರಂತೆ 30 ಪ್ಯಾಂಟು, ಒಟ್ಟು 22,200 ರೂಪಾಯಿ. ಅಡ್ವಾನ್ಸ್ 5,000. ಜನವರಿ 12ರಂದು ಎಲ್ಲವನ್ನೂ ಮುಗಿಸಿ ತಲುಪಿಸಿದ್ದಾಗಿದೆ. ಆಮೇಲೆ 2023ರ ಮಾರ್ಚ್ 4ರಂದು 3,000 ಬಂದಿದೆ ಎಂದು ಅಪ್ಪ ಬಿಲ್ಲಿನ ಅಂಚಿನಲ್ಲಿ ಬರೆದಿದ್ದಾರೆ. ಉಳಿದದ್ದು 14,200.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. 1963ರ ಕಾಲಪರಿಮಿತಿ ಕಾಯ್ದೆಯ ಪ್ರಕಾರ, ಹಣ ಕೊಡಬೇಕಾದ ದಿನ ಯಾವುದೆಂದು ಮೊದಲೇ ಗೊತ್ತುಮಾಡಿಕೊಳ್ಳದೆ ಮಾಡಿಕೊಟ್ಟ ಕೆಲಸದ ಮಜೂರಿಗೆ, ಕೆಲಸ ಮುಗಿದಂದಿನಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಕೋವಿಡ್ ಕಾರಣದಿಂದ 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ಕಾಲವನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಸುಪ್ರೀಂ ಕೋರ್ಟ್ ಆದೇಶಿಸಿತ್ತು. ಆದ್ದರಿಂದ ಆ ಅವಧಿಯೊಳಗೆ ಮುಗಿದ ಕೆಲಸಗಳಿಗೆ ಮೂರು ವರ್ಷದ ಎಣಿಕೆ 2022ರ ಮಾರ್ಚ್ 1ರಿಂದ ಆರಂಭವಾಗುತ್ತದೆ. ಹಾಗೆ ಎಣಿಸಿದರೂ ಅದು 2025ರ ಫೆಬ್ರವರಿಯ ಕೊನೆಗೆ ಮುಗಿಯಿತು. ಹದಿಮೂರು ಸಣ್ಣ ಬಿಲ್ಲುಗಳೂ 2021ರೊಳಗಿನವು ಎಂದಿಟ್ಟುಕೊಂಡರೆ, ಆಗಸ್ಟಿನಲ್ಲಿ ಅವುಗಳಿಗಾಗಿ ಕೋರ್ಟಿಗೆ ಹೋಗುವ ದಾರಿಯಿಲ್ಲ. ಎದುರುಪಕ್ಷದವರು ಆ ಮಾತು ಎತ್ತದಿದ್ದರೂ ಕೋರ್ಟೇ ಅಂಥ ದಾವೆಯನ್ನು ವಜಾ ಮಾಡಬೇಕು.

ಆದರೆ ಹೋದದ್ದು ದಾವೆಯ ಹಕ್ಕು, ಸಾಲವಲ್ಲ. ಕೇಳುವುದಕ್ಕೆ ತಡೆಯಿಲ್ಲ, ಕೊಟ್ಟರೆ ತೆಗೆದುಕೊಳ್ಳುವುದಕ್ಕೂ ಇಲ್ಲ. ಇನ್ನೊಂದು ಸೂಕ್ಷ್ಮವಿದೆ. ಹಳೆಯ ಬಾಕಿದಾರನಿಗೆ ಈಚಿನದೊಂದು ಬಾಕಿಯೂ ಇದ್ದು, ಅವನು ಇದು ಯಾವುದಕ್ಕೆ ಎಂದು ಹೇಳದೆ, ಬೇರೆ ಸೂಚನೆಯೂ ಇಲ್ಲದಂತೆ ಒಂದಷ್ಟು ಹಣ ಕೊಟ್ಟರೆ, ಅದನ್ನು ಹಳೆಯ, ಅವಧಿ ಮೀರಿದ ಬಾಕಿಗೆ ಜಮಾ ಮಾಡಿಕೊಳ್ಳಲು ಕರಾರು ಕಾಯ್ದೆಯ 60ನೆಯ ಕಲಮು ಅವಕಾಶ ಕೊಡುತ್ತದೆ. ಕಲಮಿನ ಹೆಸರು ಕೇಳದ ಅಂಗಡಿಯವರೂ ಇದನ್ನು ಮಾಡುತ್ತಲೇ ಬಂದಿದ್ದಾರೆ.

ಹೋಟೆಲಿನ ಬಿಲ್ಲಿನದ್ದು ಬೇರೆ ಕಥೆ, ನಾನಾಗಿದ್ದರೆ ಇಡೀ ಕಥೆಯ ಭಾರವನ್ನು ಅದರ ಮೇಲೆಯೇ ಇರಿಸುತ್ತಿದ್ದೆ. ಅವಧಿ ಮುಗಿಯುವ ಮೊದಲು ಸಾಲದ ಒಂದು ಭಾಗವನ್ನು ಕೊಟ್ಟರೆ ಹೊಸ ಮೂರು ವರ್ಷಗಳು ಆ ದಿನದಿಂದ ಆರಂಭವಾಗುತ್ತವೆ ಎಂದು ಕಾಲಪರಿಮಿತಿ ಕಾಯ್ದೆಯ 19ನೆಯ ಕಲಮು ಹೇಳುತ್ತದೆ, ಆದರೆ ಒಂದು ಷರತ್ತಿನೊಂದಿಗೆ. ಆ ಪಾವತಿಯ ಬರಹ ಕೊಟ್ಟವನ ಕೈಯದ್ದಾಗಿರಬೇಕು, ಇಲ್ಲವೇ ಅವನ ಸಹಿ ಇರುವ ಬರಹವಾಗಿರಬೇಕು. ಅಂಚಿನಲ್ಲಿರುವ 3,000 ಅಪ್ಪನ ಅಕ್ಷರ. ಅದು ನಗದಾಗಿ ಬಂದಿದ್ದು ಬೇರೆ ಬರಹವೇ ಇಲ್ಲದಿದ್ದರೆ ಹೋಟೆಲಿನ ಬಾಕಿಯ ಅವಧಿಯೂ ಉಳಿದ ಹದಿಮೂರರ ಜೊತೆಗೇ ಮುಗಿದಿದೆ. ಚೆಕ್ಕಿನಲ್ಲಿ ಬಂದಿದ್ದರೆ ಅದರ ಮೇಲೆ ಹೋಟೆಲಿನವರ ಸಹಿ ಇದೆ, ಆಗ 2026ರ ಮಾರ್ಚ್ 4ರವರೆಗೆ ಕಾಲವಿದೆ. ಅಪ್ಪನಿಗೆ ನೆನಪಿಲ್ಲ. ಮಗಳು ಬಿಲ್ ಪುಸ್ತಕ ಮುಚ್ಚಿಟ್ಟು ಬ್ಯಾಂಕಿನ ಪಾಸ್‌ಬುಕ್ ಹುಡುಕಲು ಹೊರಡಬೇಕಾದದ್ದು ಈ ಕಾರಣಕ್ಕೆ. 2023ರ ಮಾರ್ಚಿನ ಸಾಲಿನಲ್ಲಿ ಚೆಕ್ ಸಂಖ್ಯೆಯೊಂದಿಗೆ 3,000 ಜಮಾ ಆಗಿರುವುದು ಸಿಕ್ಕರೆ, ಆ ಚೆಕ್ಕಿನ ಪ್ರತಿಯನ್ನು ಕೊಡಿ ಎಂದು ಬ್ಯಾಂಕಿಗೆ ಅರ್ಜಿ ಬರೆಯಬಹುದು.

ಅವಳ ಸ್ಪ್ರೆಡ್‌ಶೀಟು ಪುರಾವೆಯಾಗುತ್ತದೆಯೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವರ್ಷಗಟ್ಟಲೆ ಕಳೆದ ಮೇಲೆ ಕುಳಿತು ಟೈಪಿಸಿದ ಪಟ್ಟಿ ಹುಡುಕಲು ಒಳ್ಳೆಯದು, ಸಾಬೀತಿಗೆ ಸಾಲದು. ವ್ಯವಹಾರದ ನಡುವೆ ಕ್ರಮವಾಗಿ ಬರೆದುಕೊಂಡು ಬಂದ ಮೂಲ ಪುಸ್ತಕಕ್ಕೆ ಕೋರ್ಟಿನಲ್ಲಿ ಬೆಲೆಯಿದೆ, ಆದರೆ ಪುಸ್ತಕವೊಂದರ ಬಲದಿಂದಲೇ ಯಾರ ಮೇಲೂ ಹೊಣೆ ಹೊರಿಸಲು ಬರುವುದಿಲ್ಲ ಎಂಬುದು 1872ರ ಸಾಕ್ಷ್ಯ ಕಾಯ್ದೆಯ ಕಾಲದಿಂದ ಇರುವ ನಿಯಮ, 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯೂ ಅದನ್ನೇ ಮುಂದುವರಿಸಿದೆ. ಅಪ್ಪನ ಮಾತು ಬೇಕು, ಯೂನಿಫಾರ್ಮ್ ತಲುಪಿದ್ದಕ್ಕೆ ಹೋಟೆಲಿನವರು ಸಹಿ ಹಾಕಿದ ಚೀಟಿ ಇದ್ದರೆ ಇನ್ನೂ ಒಳ್ಳೆಯದು. ಫೋಟೋ ತೆಗೆದಾಯಿತೆಂದು ಅವಳು ಪುಸ್ತಕಗಳನ್ನು ಗುಜರಿಗೆ ಹಾಕುವ ದೃಶ್ಯವೇನಾದರೂ ನಿಮ್ಮ ಕರಡಿನಲ್ಲಿ ಇದ್ದರೆ ತೆಗೆದುಬಿಡಿ.

ಕೊನೆಗೆ ಅವಳು ಬರೆಯುವ ಪತ್ರ. ಅದು ನೋಟಿಸಿನ ಭಾಷೆಯಲ್ಲಿ ಇರಬೇಕಾಗಿಲ್ಲ. ಬಿಲ್ ಸಂಖ್ಯೆ, ಮೂವತ್ತು ಶರ್ಟು ಮೂವತ್ತು ಪ್ಯಾಂಟು, ತಲುಪಿಸಿದ ತಾರೀಕು, ಬಂದ 5,000 ಮತ್ತು 3,000, ಉಳಿದ 14,200, ಜೊತೆಗೆ ಬಿಲ್ಲಿನ ನಕಲು, ಇಷ್ಟಿದ್ದರೆ ಸಾಕು. ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಲಿ. ಪತ್ರ ಕಳುಹಿಸಿದ ಮಾತ್ರಕ್ಕೆ ಕಾಲಮಿತಿ ಒಂದು ದಿನವೂ ಮುಂದೆ ಹೋಗುವುದಿಲ್ಲ ಎಂಬುದು ಅವಳಿಗೆ ತಿಳಿದಿರಲಿ. ಮುಂದೆ ಹೋಗುವುದು ಉತ್ತರದಿಂದ. “ನಿಮ್ಮ ಬಾಕಿ 14,200 ಇರುವುದು ಹೌದು, ದೀಪಾವಳಿ ಕಳೆದ ಮೇಲೆ ಕೊಡುತ್ತೇವೆ” ಎಂದು ಹೋಟೆಲಿನ ಮಾಲಕರು ಮಾರ್ಚ್ 4ರೊಳಗೆ ಬರೆದು ಸಹಿ ಹಾಕಿ ಕೊಟ್ಟರೆ, ಸಹಿ ಮಾಡಿದ ದಿನದಿಂದ ಮತ್ತೆ ಮೂರು ವರ್ಷ. ಅದನ್ನೇ ಅವರು ಅಂಗಡಿಯ ಮೆಟ್ಟಿಲಲ್ಲಿ ನಿಂತು ಬಾಯಿಯಲ್ಲಿ ಹೇಳಿ ಹೋದರೆ, ಅಪ್ಪನಿಗೆ ಅಷ್ಟೇ ಸಾಕೆನಿಸಬಹುದು, ಮಗಳು ಮಾತ್ರ ಒಂದು ಕಾಗದ ಮತ್ತು ಪೆನ್ನನ್ನು ಅವರ ಮುಂದೆ ಹಿಡಿಯಬೇಕಾಗುತ್ತದೆ.